ಉಡುಗೊರೆಯ ಜೊತೆಗಿಡುವ ಏಳೆಂಟು ಸಾಲು

ನಮ್ಮಲ್ಲಿ ಹಿರಿಯರಿಗೆ ಕೃತಜ್ಞತೆ ಹೇಳುವುದೆಂದರೆ ವೇದಿಕೆ ಬೇಕು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಕಟ್ಟು ಹಾಕಿಸಿದ ಒಂದು ಬಿನ್ನವತ್ತಳೆ. ಅದರಲ್ಲಿ ಸನ್ಮಾನಿತರು ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳಾಗಿರುತ್ತಾರೆ, ಮಮತೆಯ ಮಹಾಸಾಗರವಾಗಿರುತ್ತಾರೆ. ಓದುವವರ ದನಿ ಏರುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ, ಕಟ್ಟು ಮನೆಗೆ ಹೋಗಿ ಗೋಡೆ ಸೇರುತ್ತದೆ. ಇದಕ್ಕೆ ಅದರದೇ ಆದ ಜಾಗವಿದೆ. ನನ್ನ ತಕರಾರೇನೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಹತ್ತು ಹದಿನೈದು ವರ್ಷ ವೃತ್ತಿಯಲ್ಲಿ ಕೈಹಿಡಿದು ದಾರಿ ತೋರಿಸಿದ ಒಬ್ಬರಿಗೆ ನಾವೇ ಖುದ್ದಾಗಿ ಒಂದು ಉಡುಗೊರೆ ಕೊಡಲು ಹೊರಟಾಗ, ಅದರ ಜೊತೆಗಿಡುವ ಪುಟ್ಟ ಕಾರ್ಡಿನಲ್ಲೂ ನಮ್ಮ ಪೆನ್ನು ಬಿನ್ನವತ್ತಳೆಯನ್ನೇ ಬರೆಯತೊಡಗುತ್ತದೆ. ಸಭೆಯ ಭಾಷೆ ಅಂಗೈಯಗಲದ ಕಾಗದಕ್ಕೆ ಇಳಿದಾಗ ಅದು ಯಾರಿಗೆ ಬರೆದದ್ದು ಎಂಬುದೇ ಗೊತ್ತಾಗುವುದಿಲ್ಲ.

ಉಡುಗೊರೆ ಆರಿಸಲು ಜನ ಮೂರು ಅಂಗಡಿ ತಿರುಗುತ್ತಾರೆ. ಕಾರ್ಡನ್ನು ಮಾತ್ರ ಹೊರಡುವ ಮುಂಚೆ, ಚಪ್ಪಲಿ ಹಾಕಿಕೊಳ್ಳುತ್ತಾ ಬರೆಯುತ್ತಾರೆ. ಹಾಗೆ ಬರೆದದ್ದು ಹೆಚ್ಚುಕಡಿಮೆ ಹೀಗಿರುತ್ತದೆ: ‘ಪೂಜ್ಯ ಗುರುಗಳಿಗೆ ಅನಂತ ವಂದನೆಗಳು. ತಮ್ಮ ಮಾರ್ಗದರ್ಶನ ನನ್ನ ಬದುಕಿನ ದಾರಿದೀಪ. ತಮ್ಮ ಋಣವನ್ನು ಏಳು ಜನ್ಮಕ್ಕೂ ತೀರಿಸಲಾರೆ. ದೇವರು ತಮಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಕಾರ್ಡನ್ನು ಸಂಗೀತದ ಮೇಷ್ಟ್ರಿಗೂ ಕೊಡಬಹುದು, ಬ್ಯಾಂಕಿನ ಮ್ಯಾನೇಜರಿಗೂ ಕೊಡಬಹುದು, ಪಕ್ಕದ ಮನೆಯವರು ತಮ್ಮ ಗುರುಗಳಿಗೂ ಕೊಡಬಹುದು. ಓದಿದವರಿಗೆ ಹೊಸದಾಗಿ ತಿಳಿದದ್ದು ಏನೂ ಇಲ್ಲ.

ಹಿರಿಯರಿಗೆ ಏನು ತಿಳಿದಿರುವುದಿಲ್ಲ ಎಂದು ಯೋಚಿಸಿದರೆ ಕಾರ್ಡಿನಲ್ಲಿ ಏನಿರಬೇಕು ಎಂಬುದು ತಾನೇ ಹೊಳೆಯುತ್ತದೆ. ಮಾರ್ಗದರ್ಶಕರಾದವರು ವರ್ಷಗಟ್ಟಲೆ ಹತ್ತಾರು ಹುಡುಗರಿಗೆ ನೂರಾರು ಮಾತು ಹೇಳಿರುತ್ತಾರೆ. ಅವುಗಳಲ್ಲಿ ಬಹುಪಾಲು ಗಾಳಿಗೆ ಹೋಗಿರುತ್ತವೆ. ಯಾವ ಮಾತು ಯಾರೊಳಗೆ ನಾಟಿತು, ನಾಟಿದ ಮೇಲೆ ಅದು ಎಲ್ಲಿಗೆ ಹೋಗಿ ಏನು ಮಾಡಿತು ಎಂಬುದು ಅವರಿಗೆ ಎಂದೂ ಗೊತ್ತಾಗುವುದಿಲ್ಲ. ತಮಗೆ ಗೌರವ ಇದೆ ಎಂಬುದು ಅವರಿಗೆ ಗೊತ್ತು; ನಮಸ್ಕಾರದಲ್ಲೇ ಅದು ಕಾಣುತ್ತದೆ. ಗೊತ್ತಿಲ್ಲದಿರುವುದು ತಮ್ಮ ಮಾತಿಗೆ ಮುಂದೆ ಏನಾಯಿತು ಎಂಬುದು. ಹಾಗಾಗಿ ಈ ಕಾರ್ಡು ಸ್ತುತಿಯಾಗುವುದಕ್ಕಿಂತ ಒಂದು ಚಿಕ್ಕ ವರದಿಯಾಗಬೇಕು: ನೀವು ಇದನ್ನು ಹೇಳಿದಿರಿ, ಅಥವಾ ಮಾಡಿದಿರಿ, ನಾನು ಅದನ್ನು ಹೀಗೆ ಇಟ್ಟುಕೊಂಡಿದ್ದೇನೆ.

ಈ ಜಾತಿಯ ಬರಹಗಳಲ್ಲಿ ಜಗತ್ತು ನೆನಪಿಟ್ಟುಕೊಂಡಿರುವ ಒಂದು ಪತ್ರ 1957ರದು. ಆ ವರ್ಷದ ಅಕ್ಟೋಬರಿನಲ್ಲಿ ಫ್ರೆಂಚ್ ಲೇಖಕ ಆಲ್ಬೆರ್ ಕಮೂಗೆ ಸಾಹಿತ್ಯದ ನೊಬೆಲ್ ಘೋಷಣೆಯಾಯಿತು. ಕಮೂ ಹುಟ್ಟಿ ಬೆಳೆದದ್ದು ಅಲ್ಜೀರಿಯಾದಲ್ಲಿ, ಕಡುಬಡತನದಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡಿದ್ದರು, ತಾಯಿ ಮನೆಗೆಲಸ ಮಾಡಿ ಸಾಕುತ್ತಿದ್ದರು. ಪ್ರಾಥಮಿಕ ಶಾಲೆ ಮುಗಿಸಿದ ಹುಡುಗ ದುಡಿಯಲು ಹೋಗಬೇಕೆಂಬುದು ಅಜ್ಜಿಯ ತೀರ್ಮಾನವಾಗಿತ್ತು. ಅದನ್ನು ತಪ್ಪಿಸಿದವರು ಲೂಯಿ ಜೆರ್ಮೆ ಎಂಬ ಶಾಲಾ ಮಾಸ್ತರರು. ಅಜ್ಜಿಯನ್ನು ಒಪ್ಪಿಸಿ, ಹಣ ಪಡೆಯದೆ ಹೆಚ್ಚುವರಿ ಪಾಠ ಹೇಳಿ, ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರಿಸಿದರು. ಮೂರು ದಶಕ ಕಳೆದ ಮೇಲೆ, ಪ್ರಶಸ್ತಿಯ ಗದ್ದಲ ಸ್ವಲ್ಪ ತಣ್ಣಗಾಗಲಿ ಎಂದು ಕಾದು, ನವೆಂಬರ್ 19ರಂದು ಕಮೂ ಆ ಮಾಸ್ತರರಿಗೆ ಪತ್ರ ಬರೆದರು. ಸುದ್ದಿ ಕೇಳಿದಾಗ ತಾಯಿಯ ನಂತರ ಮೊದಲು ನೆನಪಾದವರು ನೀವೇ ಎಂದು ತಿಳಿಸಿ, ಬಡ ಹುಡುಗನೊಬ್ಬನಿಗೆ ನೀವು ಕೈ ಚಾಚದಿದ್ದರೆ, ಕಲಿಸದಿದ್ದರೆ, ನಡೆದು ತೋರಿಸದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂಬ ಅರ್ಥದ ಕೆಲವೇ ವಾಕ್ಯಗಳು ಅದರಲ್ಲಿವೆ.

ಬರೆಯುವವರು ಈ ಪತ್ರದಲ್ಲಿ ಗಮನಿಸಬೇಕಾದದ್ದು ಅದರ ಕಟ್ಟು. ನೊಬೆಲ್ ಅದರಲ್ಲಿ ಬರುತ್ತದೆ, ಆದರೆ ಪತ್ರ ಬರೆಯಲು ಸಿಕ್ಕಿದ ನೆಪವಾಗಿ ಮಾತ್ರ ಬರುತ್ತದೆ. ಉಳಿದದ್ದೆಲ್ಲ ಮಾಸ್ತರರು ಮಾಡಿದ ಕೆಲಸ. ಪತ್ರದ ಜೊತೆಗೆ ಒಂದು ಉಡುಗೊರೆಯೂ ಆಮೇಲೆ ಸೇರಿಕೊಂಡಿತು: ಸ್ವೀಡನ್ನಿನಲ್ಲಿ ಮಾಡಿದ ಭಾಷಣಗಳು ಪುಸ್ತಕವಾದಾಗ ಕಮೂ ಅದನ್ನು ಅರ್ಪಿಸಿದ್ದು ಲೂಯಿ ಜೆರ್ಮೆ ಅವರಿಗೆ.

ಕನ್ನಡದಲ್ಲಿ ಇಂಥದ್ದು ಇಲ್ಲವೇ ಎಂದರೆ ಇದೆ, ಇನ್ನೂ ದೊಡ್ಡದಾಗಿಯೇ ಇದೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ತಮ್ಮ ಗುರು ತಳುಕಿನ ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು 1939ರಲ್ಲೇ ತೀರಿಕೊಂಡಿದ್ದರು. ಕಾವ್ಯ ಪ್ರಕಟವಾದದ್ದು ಹತ್ತು ವರ್ಷದ ಮೇಲೆ. ಆದರೂ ಅರ್ಪಣೆಯ ಸಾಲುಗಳು ಗುರು ಎದುರಿಗೇ ಕೂತಿರುವಂತೆ ಅವರನ್ನು ನೇರವಾಗಿ ಮಾತನಾಡಿಸುತ್ತವೆ, ಕೆಲಸ ಮುಗಿಸಿ ತಂದಿದ್ದೇನೆ ಎಂದು ಒಪ್ಪಿಸುತ್ತವೆ. ಶಿಷ್ಯನ ಓಲೆಯ ಧಾಟಿ ಅದು. ಹೊಗಳಿಕೆಯ ವಿಶೇಷಣಗಳಿಗಿಂತ ಆ ‘ಒಪ್ಪಿಸುವ’ ದನಿಯೇ ಓದುವವರನ್ನು ಮುಟ್ಟುತ್ತದೆ.

ನಮಗೆ ಮಹಾಕಾವ್ಯವೂ ಇಲ್ಲ, ನೊಬೆಲ್ಲೂ ಇಲ್ಲ. ಇರುವುದು ಪೋಸ್ಟ್‌ಕಾರ್ಡಿನಷ್ಟು ಜಾಗ. ಅಂಚೆಯ ಪೋಸ್ಟ್‌ಕಾರ್ಡು 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಸಾಧಾರಣ ಕೈಬರಹದಲ್ಲಿ ಅದರ ಒಂದು ಮಗ್ಗುಲಿಗೆ ಅರವತ್ತು ಎಪ್ಪತ್ತು ಕನ್ನಡ ಪದ ಹಿಡಿಸುತ್ತದೆ. ಈ ಮಿತಿ ಒಳ್ಳೆಯದೇ. ಒಂದು ಘಟನೆಗೆ ಜಾಗವಿದೆ, ಕಷ್ಟಪಟ್ಟರೆ ಎರಡಕ್ಕೆ. ಹದಿನೈದು ವರ್ಷದ ಕಥೆಗೆ ಇಲ್ಲ.

ಒಂದು ಸನ್ನಿವೇಶ ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಆಡಿಟರ್ ತಮ್ಮ ಕಚೇರಿಯನ್ನು ಕಿರಿಯರಿಗೆ ಒಪ್ಪಿಸಿ ನಿವೃತ್ತರಾಗುತ್ತಿದ್ದಾರೆ. ಅವರ ಹತ್ತಿರ ಆರ್ಟಿಕಲ್‌ಶಿಪ್ ಮಾಡಿ, ಸಿಎ ಪಾಸಾಗಿ, ಈಗ ಬೆಂಗಳೂರಿನಲ್ಲಿ ತನ್ನದೇ ತಂಡ ನಡೆಸುತ್ತಿರುವ ಹೆಣ್ಣುಮಗಳೊಬ್ಬಳು ಉಡುಗೊರೆ ಹಿಡಿದು ಹೊರಟಿದ್ದಾಳೆ. ಸಾಹೇಬರು ಜೀವನಪೂರ್ತಿ ಬಿಳಿ ಖಾದಿ ಅಂಗಿ ಹಾಕಿದವರು. ಹಾಗಾಗಿ ಅವಳು ತಂದದ್ದು ಬೆಂಗೇರಿಯ ಖಾದಿ ಬಟ್ಟೆ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ಹುಬ್ಬಳ್ಳಿಯಲ್ಲೇ ಇದೆ, ಸಾಹೇಬರ ಅಂಗಿಗಳೂ ಅಲ್ಲಿಂದಲೇ ಬರುತ್ತಿದ್ದವು. ಬಟ್ಟೆಯ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಕಾರ್ಡು ಬರೆಯಲು ಕೂತಾಗ ಮೊದಲು ಬಂದದ್ದು ದಾರಿದೀಪ, ಏಳು ಜನ್ಮ.

ಅದನ್ನು ಪಕ್ಕಕ್ಕಿಟ್ಟು ಅವಳು ಬೇರೆ ಹಾಳೆಯ ಮೇಲೆ ನೆನಪಾದದ್ದನ್ನೆಲ್ಲ ಗೀಚುತ್ತಾಳೆ. ಬಂದ ಹೊಸದರಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ದಾಸ್ತಾನಿನ ಲೆಕ್ಕ ಪೂರ್ತಿ ತಾಳೆಯಾಯಿತೆಂದು ಹೆಮ್ಮೆಯಿಂದ ಫೈಲು ತಂದಿಟ್ಟಿದ್ದಳು. ಸಾಹೇಬರು ಫೈಲು ತೆರೆಯಲೇ ಇಲ್ಲ. ‘ಮೊದಲ ಗೋಡೌನ್ ನೋಡ್ಕೊಂಡು ಬಾ, ಆಮ್ಯಾಲೆ ಪುಸ್ತಕ’ ಎಂದು ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ಕಳಿಸಿದ್ದರು. ಅಲ್ಲಿ ಚೀಲ ಎಣಿಸಿ ರಸೀದಿಗೆ ಹೋಲಿಸಿದಾಗ ಪುಸ್ತಕದ ದಾಸ್ತಾನಿನಲ್ಲಿ ಒಂದಷ್ಟು ಬೇರೊಬ್ಬರ ಮಾಲು ಎಂದು ತಿಳಿದಿತ್ತು. ಎರಡನೆಯದು, ಫೈನಲ್ ಪರೀಕ್ಷೆಯಲ್ಲಿ ಎರಡೂ ಗ್ರೂಪು ಹೋದ ವರ್ಷ. ಒಂದೊಂದೇ ಗ್ರೂಪು ಕಟ್ಟು ಎಂದರು; ಅವಳ ಪಾಲಿನ ಫೈಲುಗಳನ್ನು ತಾವೇ ರಾತ್ರಿ ಕೂತು ಮುಗಿಸುತ್ತಿದ್ದರು ಎಂಬುದು ಅವಳಿಗೆ ಆಮೇಲೆ ಗುಮಾಸ್ತರಿಂದ ಗೊತ್ತಾಯಿತು. ಮೂರನೆಯದು, ಬೆಂಗಳೂರಿನ ಮೊದಲ ಕೆಲಸಕ್ಕೆ ಹೋಗುವಾಗ, ಸಂಬಳ ಎಷ್ಟೆಂದು ಕೇಳುವ ಮೊದಲು ನಿನ್ನ ಮೇಲಿನವರು ಯಾರೆಂದು ವಿಚಾರಿಸು ಎಂದದ್ದು. ಆಮೇಲೆ ಬಡ್ತಿ, ಮದುವೆ, ಸ್ವಂತ ಕಚೇರಿ, ಸಾಹೇಬರು ಪ್ರತಿ ದೀಪಾವಳಿಗೆ ಕೊಡುತ್ತಿದ್ದ ಧಾರವಾಡ ಪೇಡೆ. ಹಾಳೆ ತುಂಬಿತು.

ಇಲ್ಲಿ ಎರಡನೆಯ ಅಪಾಯ ಶುರುವಾಗುತ್ತದೆ. ಸ್ತುತಿಯಿಂದ ತಪ್ಪಿಸಿಕೊಂಡವರು ಆತ್ಮಚರಿತ್ರೆಗೆ ಬೀಳುತ್ತಾರೆ. ಅವಳ ಎರಡನೆಯ ಕರಡಿನಲ್ಲಿ ವಾಕ್ಯಗಳೆಲ್ಲ ‘ನಾನು’ ಎಂದೇ ಶುರುವಾಗಿದ್ದವು: ನಾನು ಪಾಸಾದೆ, ನನಗೆ ಕೆಲಸ ಸಿಕ್ಕಿತು, ನಾನು ಸ್ವಂತ ಕಚೇರಿ ತೆರೆದೆ, ಇದಕ್ಕೆಲ್ಲ ನೀವೇ ಕಾರಣ. ಇದು ಕೃತಜ್ಞತೆಯ ಬಟ್ಟೆ ತೊಟ್ಟ ಬಯೋಡೇಟಾ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸಾರಾ ಆಲ್ಗೋ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವ್ಯತ್ಯಾಸವನ್ನೇ ನೋಡಿತ್ತು. ಜೋಡಿಗಳು ಪರಸ್ಪರ ಧನ್ಯವಾದ ಹೇಳಿಕೊಳ್ಳುವಾಗ ಎದುರಿನವರು ಮಾಡಿದ ಒಳ್ಳೆಯದನ್ನು ಎತ್ತಿ ಹೇಳಿದಷ್ಟೂ ಕೇಳಿದವರ ಮನಸ್ಸಿಗೆ ಹಿತವಾಗಿತ್ತು. ತಮಗೇನು ಲಾಭವಾಯಿತು ಎಂದು ಹೇಳಿದ್ದಕ್ಕೆ ಆ ಪರಿಣಾಮ ಕಾಣಲಿಲ್ಲ. ಅದು ಗುರುಶಿಷ್ಯರ ಅಧ್ಯಯನವಲ್ಲ, ಪ್ರಣಯದ ಜೋಡಿಗಳದು. ಅಷ್ಟು ಎಚ್ಚರಿಕೆಯಿಂದಲೇ ತೆಗೆದುಕೊಳ್ಳಬೇಕು. ಆದರೂ ಕರಡನ್ನು ತಿದ್ದಲು ಒಂದು ಸುಲಭದ ಉಪಾಯ ಅದರಿಂದ ಸಿಗುತ್ತದೆ: ವಾಕ್ಯಗಳ ಕರ್ತೃ ಯಾರೆಂದು ನೋಡುತ್ತಾ ಹೋಗುವುದು. ‘ನೀವು’ ಎಂಬುದು ಕಾಣದಿದ್ದರೆ ಕಾರ್ಡು ದಾರಿ ತಪ್ಪಿದೆ.

ಹಾಗಾದರೆ ಹಾಳೆಯ ಮೇಲಿನ ಯಾವ ಘಟನೆ ಉಳಿಯಬೇಕು? ಪೇಡೆ ಹೋಗಲಿ, ಅದು ಎಲ್ಲರಿಗೂ ಸಿಕ್ಕಿದ್ದು. ಬೆಂಗಳೂರಿನ ಕೆಲಸದ ಸಲಹೆ ಒಳ್ಳೆಯದೇ, ಆದರೆ ಅದನ್ನು ವಿವರಿಸಲು ಆಗಿನ ಎರಡು ಕಂಪನಿಗಳ ಕಥೆ ಹೇಳಬೇಕಾಗುತ್ತದೆ, ಜಾಗ ಸಾಲದು. ಗೋಡೌನಿನ ಮಾತು ಮೂರು ಕಾರಣಕ್ಕೆ ಗೆಲ್ಲುತ್ತದೆ. ಅದು ಸಾಹೇಬರ ಬಾಯಿಂದಲೇ ಬಂದದ್ದು, ಅವರ ಮಾತಿನ ಧಾಟಿಯಲ್ಲೇ ನೆನಪಿದೆ. ಬಿಡಿಸಿ ಹೇಳದಿದ್ದರೂ ಅವರಿಗೆ ಅರ್ಥವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಮಾತು ಈಗ ಎಲ್ಲಿದೆ ಎಂಬುದು ಅವರಿಗೆ ತಿಳಿಯದು: ಬೆಂಗಳೂರಿನಲ್ಲಿ ಅವಳು ತನ್ನ ಕೈಕೆಳಗಿನ ಹುಡುಗರಿಗೆ ಅದನ್ನೇ ಹೇಳುತ್ತಿದ್ದಾಳೆ. ರಾತ್ರಿ ಕೂತು ಫೈಲು ಮುಗಿಸಿದ ಸಂಗತಿಯೂ ಇರಲಿ. ಅದು ಅವಳಿಗೆ ಗೊತ್ತಾಗಿದೆ ಎಂಬುದೇ ಅವರಿಗೆ ಗೊತ್ತಿಲ್ಲ.

ಒಂದು ಸಂಗತಿಯನ್ನು ಅವಳು ಬೇಕೆಂದೇ ಬಿಡುತ್ತಾಳೆ. ಆ ಮೆಣಸಿನಕಾಯಿ ವ್ಯಾಪಾರಿಯ ಹೆಸರನ್ನಾಗಲಿ, ಲೆಕ್ಕದಲ್ಲಿ ಕಂಡ ವ್ಯತ್ಯಾಸವನ್ನಾಗಲಿ ಬರೆಯುವುದಿಲ್ಲ. ಆಡಿಟರ್ ವೃತ್ತಿಯಲ್ಲಿ ಕಕ್ಷಿದಾರರ ಗುಟ್ಟು ಹೊರಗೆ ಹೋಗುವಂತಿಲ್ಲ, ಕಾರ್ಡು ಮಾತ್ರ ಖಂಡಿತ ಹೊರಗೆ ಹೋಗುತ್ತದೆ. ಉಡುಗೊರೆ ಬಿಚ್ಚುವಾಗ ಮನೆಯವರು, ಬಂದ ನೆಂಟರು ಸುತ್ತ ಇರುತ್ತಾರೆ. ಯಾರೋ ಒಬ್ಬರು ಅದನ್ನು ಗಟ್ಟಿಯಾಗಿ ಓದುತ್ತಾರೆ. ವೈದ್ಯರಿಗೆ, ವಕೀಲರಿಗೆ, ಬ್ಯಾಂಕಿನವರಿಗೆ ಬರೆಯುವಾಗಲೂ ಇದೇ ಎಚ್ಚರ ಬೇಕು. ಕಚೇರಿಯ ಜಗಳದಲ್ಲಿ ಅವರು ನಿಮ್ಮ ಪರ ನಿಂತಿದ್ದರೆ ಅದನ್ನು ಎದುರಿಗೆ ಹೇಳಿ. ಮೂರನೆಯವರ ಹೆಸರಿರುವ ಯಾವುದೂ ಕಾರ್ಡಿಗೆ ಬೇಡ.

ಕೊನೆಗೆ ಉಳಿದದ್ದು ಇಷ್ಟು:

‘ಸರ್ ಅವರಿಗೆ ನಮಸ್ಕಾರ. ಬಂದ ಹೊಸದರಲ್ಲಿ ಲೆಕ್ಕ ತಾಳೆಯಾಯಿತೆಂದು ನಾನು ತಂದಿಟ್ಟ ಫೈಲನ್ನು ನೀವು ತೆರೆಯಲೇ ಇಲ್ಲ. “ಮೊದಲ ಗೋಡೌನ್ ನೋಡ್ಕೊಂಡು ಬಾ, ಆಮ್ಯಾಲೆ ಪುಸ್ತಕ” ಅಂದಿರಿ. ಈಗ ನನ್ನ ಹುಡುಗರಿಗೆ ಮೊದಲ ದಿನವೇ ಇದನ್ನು ನಿಮ್ಮ ಧಾಟಿಯಲ್ಲೇ ಹೇಳುತ್ತೇನೆ. ಬೆಂಗಳೂರಿನ ಹುಡುಗರು ನಗುತ್ತಾರೆ, ಆದರೆ ಹೋಗಿ ನೋಡಿ ಬರುತ್ತಾರೆ. ನಾನು ಫೇಲಾದ ವರ್ಷ ನನ್ನ ಫೈಲುಗಳನ್ನು ನೀವು ರಾತ್ರಿ ಕೂತು ಮುಗಿಸಿದ್ದು ನನಗೆ ಆಮೇಲೆ ಗೊತ್ತಾಯಿತು. ಅದನ್ನು ಮರೆತಿಲ್ಲ. ಇದು ಬೆಂಗೇರಿಯ ಬಟ್ಟೆ, ನೀವು ಹಾಕುವ ಬಿಳಿಯದೇ. ಹೊಲಿಸಿಕೊಳ್ಳಿ. — ನಿಮ್ಮ ಶಿಷ್ಯೆ’

ಇದರಲ್ಲಿ ‘ಧನ್ಯವಾದ’ ಎಂಬ ಪದವೇ ಇಲ್ಲ. ಬೇಕಾದವರು ಸೇರಿಸಬಹುದು, ಕೆಡುವುದೇನಿಲ್ಲ. ಬಯಸಿದ್ದರೂ ಇದನ್ನು ಬೇರೆ ಯಾರಿಗೂ ಕೊಡಲು ಬಾರದು. ಅದೇ ಇದರ ಪರೀಕ್ಷೆ ಕೂಡ: ಬರೆದದ್ದರಲ್ಲಿ ಮೇಲಿನ ಹೆಸರನ್ನು ಅಳಿಸಿ ಪರಿಚಯದ ಬೇರೊಬ್ಬ ಹಿರಿಯರ ಹೆಸರು ಹಾಕಿ ಓದಿ. ಸಲೀಸಾಗಿ ಓದಿಸಿಕೊಂಡರೆ ಇನ್ನೊಂದು ಹಾಳೆ ತೆಗೆದುಕೊಳ್ಳಬೇಕು. ಉಡುಗೊರೆಯ ಮಾತು ಕೊನೆಯ ಎರಡು ಪುಟ್ಟ ವಾಕ್ಯಗಳಲ್ಲಿ ಮುಗಿದಿರುವುದನ್ನೂ ಗಮನಿಸಿ. ಯಾಕೆ ಇದನ್ನೇ ತಂದೆ ಎಂಬುದಷ್ಟು ಸಾಕು. ‘ಈ ಸಣ್ಣ ಕಾಣಿಕೆ ನಿಮ್ಮ ಯೋಗ್ಯತೆಗೆ ಏನೇನೂ ಅಲ್ಲ’ ಎಂದು ಬರೆದರೆ ಓದಿದವರು ‘ಹಾಗೇನಿಲ್ಲ’ ಎಂದು ಸಮಾಧಾನ ಹೇಳಬೇಕಾಗುತ್ತದೆ. ಅವರಿಗೆ ಯಾಕೆ ಆ ಕೆಲಸ?

ಸಂಬೋಧನೆ ಏನೆಂದು ಬಹಳ ಜನ ಒದ್ದಾಡುತ್ತಾರೆ. ನಿತ್ಯ ಏನೆಂದು ಕರೆಯುತ್ತೀರೋ ಅದೇ ಸರಿ. ಇಪ್ಪತ್ತು ವರ್ಷ ‘ಮೇಡಂ’ ಎಂದವರು ಕಾರ್ಡಿನಲ್ಲಿ ಇದ್ದಕ್ಕಿದ್ದಂತೆ ‘ಪೂಜ್ಯ ಮಾತೃಸ್ವರೂಪಿ’ ಎಂದರೆ ಓದುವವರಿಗೇ ಮುಜುಗರ. ‘ತಾವು’ ಬಳಸುವ ಸಂಬಂಧವಾದರೆ ಕೊನೆಯವರೆಗೂ ‘ತಾವು’, ಇಲ್ಲದಿದ್ದರೆ ‘ನೀವು’. ನಡುವೆ ಬದಲಾದರೆ ಕಾಲು ಭಾಗ ಎಲ್ಲಿಂದಲೋ ಎತ್ತಿದ್ದು ಎಂದು ಕಾಣಿಸಿಬಿಡುತ್ತದೆ. ‘ಇತಿ ತಮ್ಮ ವಿಧೇಯ’ ಶಾಲೆಯ ರಜಾ ಅರ್ಜಿಯಿಂದ ಬಂದ ಅಭ್ಯಾಸ, ಅಲ್ಲೇ ಇರಲಿ.

ಕೆಲವರು ಬರೆಯದೇ ಬಿಡುವುದು ಪದ ಸಿಗದೆ. ತಡವಾಯಿತು, ಈಗ ಬರೆದರೆ ನಾಟಕೀಯವಾಗುತ್ತದೆ ಎಂಬ ಸಂಕೋಚ ಬೇರೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಈ ಸಂಕೋಚವನ್ನೇ ಪರೀಕ್ಷೆಗಿಟ್ಟರು. ಜನರಿಂದ ಕೃತಜ್ಞತೆಯ ಪತ್ರ ಬರೆಸಿ, ಓದಿದವರಿಗೆ ಏನನ್ನಿಸಬಹುದು ಎಂದು ಊಹಿಸಲು ಹೇಳಿ, ಆಮೇಲೆ ಪತ್ರ ಪಡೆದವರನ್ನೇ ಕೇಳಿದರು. ಬರೆದವರು ಎಣಿಸಿದ್ದಕ್ಕಿಂತ ಓದಿದವರಿಗೆ ಹೆಚ್ಚು ಸಂತೋಷವಾಗಿತ್ತು, ಹೆಚ್ಚು ಅಚ್ಚರಿಯಾಗಿತ್ತು. ಎಣಿಸಿದಷ್ಟು ಮುಜುಗರ ಆಗಿರಲಿಲ್ಲ. ಬರೆಯುವವರ ಚಿಂತೆ ಪದಗಳು ಸರಿಯಾಗಿವೆಯೇ ಎಂಬುದರ ಮೇಲಿದ್ದರೆ, ಓದುವವರು ನೋಡಿದ್ದು ಅದರ ಅಕ್ಕರೆಯನ್ನು. ತಡವಾದದ್ದಕ್ಕೆ ಕ್ಷಮೆ ಕೇಳಲೇಬೇಕೆಂದರೆ ಒಂದು ಅರ್ಧ ವಾಕ್ಯ; ಕಾರ್ಡಿನ ಅರ್ಧ ಭಾಗ ಅದಕ್ಕೇ ಹೋಗಬಾರದು.

ಒಂದು ಸಂದರ್ಭದಲ್ಲಿ ಮಾತ್ರ ತಡಮಾಡುವುದೇ ಮೇಲು. ಆ ಹಿರಿಯರು ಇಂದಿಗೂ ನಿಮ್ಮ ಮೇಲಧಿಕಾರಿಯಾಗಿದ್ದು, ಬಡ್ತಿಯ ಕಡತ ಅವರ ಮೇಜಿನ ಮೇಲಿದ್ದರೆ, ಎಷ್ಟು ಪ್ರಾಮಾಣಿಕವಾಗಿ ಬರೆದರೂ ಅದು ಬೆಣ್ಣೆ ಹಚ್ಚಿದಂತೆಯೇ ಕಾಣುತ್ತದೆ. ಅವರಿಗಲ್ಲದಿದ್ದರೂ ಪಕ್ಕದ ಮೇಜಿನವರಿಗೆ. ಸರ್ಕಾರಿ ನೌಕರರಾದರೆ ಉಡುಗೊರೆ ಪಡೆಯುವುದಕ್ಕೆ ನಡತೆ ನಿಯಮಗಳ ಕಟ್ಟುಪಾಡು ಬೇರೆ ಇದೆ. ಬೆಲೆಬಾಳುವ ವಸ್ತು ಅವರನ್ನೇ ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ವರ್ಗಾವಣೆಯೋ ನಿವೃತ್ತಿಯೋ ಆಗುವವರೆಗೆ ಕಾಯಿರಿ, ಇಲ್ಲವೇ ಒಂದು ಪುಸ್ತಕದಷ್ಟಕ್ಕೆ ನಿಲ್ಲಿಸಿ. ಹಾಗೆಯೇ ಧನ್ಯವಾದದ ಕಾರ್ಡಿನ ಕೊನೆಗೆ ‘ನನ್ನ ತಮ್ಮನಿಗೂ ಒಂದು ಕೆಲಸ ನೋಡಿ’ ಎಂದು ಸೇರಿಸುವವರಿದ್ದಾರೆ. ಅದು ಬೇರೆ ದಿನದ ಫೋನು.

ಇನ್ನು ಬರೆಯುವ ಕೆಲಸ. ಮೊದಲು ರಫ್ ಹಾಳೆಯ ಮೇಲೆ ಪೂರ್ತಿ ಬರೆದು, ಸಾಲು ಎಣಿಸಿ, ಆಮೇಲೆ ಕಾರ್ಡಿಗೆ ಇಳಿಸಿ; ಇಲ್ಲದಿದ್ದರೆ ಕೆಳಗಿನ ಸಾಲುಗಳು ಇರುವೆ ಸಾಲಾಗುತ್ತವೆ. ಅಂಗಡಿಯಲ್ಲಿ ಸಿಗುವ ನುಣುಪಾದ ಹೊಳಪಿನ ಕಾರ್ಡಿನ ಮೇಲೆ ಜೆಲ್ ಪೆನ್ನಿನ ಶಾಯಿ ಬೇಗ ಆರುವುದಿಲ್ಲ, ಕೈ ತಾಗಿದರೆ ಮೆತ್ತಿಕೊಳ್ಳುತ್ತದೆ. ಒರಟು ಕಾಗದ ಅಥವಾ ಬಾಲ್ ಪೆನ್ನು ಸುರಕ್ಷಿತ. ಅಕ್ಷರ ದುಂಡಗಿಲ್ಲ ಎಂದು ಪ್ರಿಂಟ್ ತೆಗೆಸುವ ಅಗತ್ಯವಿಲ್ಲ, ಆದರೆ ಓದುವವರ ಕಣ್ಣಿಗೆ ವಯಸ್ಸಾಗಿದೆ ಎಂಬುದು ನೆನಪಿರಲಿ; ಅಕ್ಷರ ದೊಡ್ಡದಾಗಿರಲಿ, ಅದಕ್ಕಾಗಿ ಒಂದು ವಾಕ್ಯ ಬಿಡಬೇಕಾದರೂ ಸರಿ. ನಿಮ್ಮ ಹೆಸರು, ಊರು, ದಿನಾಂಕ ಕಾರ್ಡಿನ ಒಳಗೇ ಇರಬೇಕು. ಹೊರಗಿನ ಲಕೋಟೆಯ ಮೇಲೆ ಮಾತ್ರ ಹೆಸರು ಬರೆದರೆ, ಸಮಾರಂಭದ ಮರುದಿನ ಲಕೋಟೆಗಳೆಲ್ಲ ಒಂದು ಕಡೆ, ಉಡುಗೊರೆಗಳೆಲ್ಲ ಇನ್ನೊಂದು ಕಡೆ ಬಿದ್ದಿರುತ್ತವೆ. ಕಾರ್ಡನ್ನು ಸುತ್ತಿದ ಕಾಗದದ ಹೊರಗೆ ಅಂಟಿಸುವುದಕ್ಕಿಂತ ಒಳಗೆ, ಬಟ್ಟೆಯ ಮಡಿಕೆಯಲ್ಲೋ ಪುಸ್ತಕದ ರಕ್ಷಾಪುಟದ ಒಳಗೋ ಇಡುವುದು ವಾಸಿ. ಪುಸ್ತಕವನ್ನೇ ಕೊಡುತ್ತಿದ್ದರೆ ಅದರ ಮೊದಲ ಖಾಲಿ ಹಾಳೆಯ ಮೇಲೆಯೇ ಬರೆಯಬಹುದು. ಆಗ ಕಾರ್ಡು ಕಳೆದುಹೋಗುವ ಪ್ರಶ್ನೆಯೇ ಇಲ್ಲ, ಆದರೆ ತಪ್ಪಾದರೆ ಇನ್ನೊಂದು ಪ್ರತಿ ಕೊಳ್ಳಬೇಕಾಗುತ್ತದೆ.